ಝಾನ್ಸಿ ರಾಣಿ ಹುಟ್ಟಿದ್ದು 1828ರಲ್ಲೋ 1835ರಲ್ಲೋ? ಸ್ವಾತಂತ್ರ್ಯ ಹೋರಾಟಗಾರರ ಜನ್ಮವರ್ಷದ ಗೊಂದಲ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋರಾಟಗಾರರ ಹುಟ್ಟಿದ ಇಸವಿ ಪಠ್ಯದಲ್ಲಿ ಒಂದು, ಸರ್ಕಾರಿ ಕಾಗದದಲ್ಲಿ ಇನ್ನೊಂದು ಏಕೆ ಎಂದು ಶಿಕ್ಷಕರು, ಪೋಷಕರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮತ್ತೆ ಮತ್ತೆ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಹೆಚ್ಚಿನ ಉತ್ತರಗಳಿಗೆ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಉದಾಹರಣೆಯನ್ನೇ ಹಿಡಿದಿದ್ದೇವೆ. ಅಲ್ಲಿ ವ್ಯತ್ಯಾಸ ಏಳು ವರ್ಷದ್ದು, ಮತ್ತು ಅದನ್ನು ಕಾಗದ ಪೆನ್ಸಿಲ್ ಹಿಡಿದು ಪರೀಕ್ಷಿಸಿ ನೋಡಬಹುದು.

## ಮೊದಲಿಗೆ ಬರುವ ಪ್ರಶ್ನೆಗಳು

ಮಗಳ ಪುಸ್ತಕದಲ್ಲಿ 1835 ಅಂತಿದೆ, ಸರ್ಕಾರದ ಜಯಂತಿ ಜಾಹೀರಾತಿನಲ್ಲಿ 1828. ಯಾವುದು ಸರಿ?

ಎರಡೂ ಬಹಳ ಕಾಲದಿಂದ ಚಾಲ್ತಿಯಲ್ಲಿರುವ ಇಸವಿಗಳು. ಯಾವುದೂ ಇತ್ತೀಚೆಗೆ ನುಸುಳಿದ ಮುದ್ರಣದೋಷವಲ್ಲ. ದತ್ತಾತ್ರೇಯ ಬಳವಂತ ಪಾರಸನೀಸರು 1894ರಲ್ಲಿ ಮರಾಠಿಯಲ್ಲಿ ಬರೆದ ಜೀವನಚರಿತ್ರೆ 1835ನ್ನು ಕೊಡುತ್ತದೆ. ಅದನ್ನು ಆಧರಿಸಿದ ಬರಹಗಳೆಲ್ಲ ಅದೇ ಇಸವಿಯನ್ನು ಮುಂದುವರಿಸಿವೆ. 1828ನ್ನು ಹೇಳುವವರು ರಾಣಿಯ ಬದುಕಿನ ಇತರ ಘಟನೆಗಳಿಗೆ ವಯಸ್ಸನ್ನು ಹೊಂದಿಸಿ ನೋಡಿ ಅದೇ ಹೆಚ್ಚು ಕೂಡಿಬರುತ್ತದೆ ಎನ್ನುತ್ತಾರೆ. ಇಂದು ಹೆಚ್ಚು ಕಾಣುವುದು 1828. ಆದರೆ ಸರ್ಕಾರಿ ಪ್ರಕಟಣೆಗಳಲ್ಲೇ ಎರಡೂ ಸಿಗುತ್ತವೆ. ಹಾಗಾಗಿ ಜಗಳವನ್ನು "ಪಠ್ಯ ತಪ್ಪು, ಸರ್ಕಾರ ಸರಿ" ಎಂದು ವಿಂಗಡಿಸಿದರೆ ದಾರಿ ತಪ್ಪುತ್ತದೆ. ಪಠ್ಯ ಯಾರ ಮಾತನ್ನು ನಂಬಿತು, ಇಲಾಖೆ ಯಾರ ಮಾತನ್ನು ನಂಬಿತು ಎಂಬುದು ಕೇಳಬೇಕಾದ ಪ್ರಶ್ನೆ.

ಜನನ ಪ್ರಮಾಣಪತ್ರ ತೆಗೆದು ನೋಡಿದರೆ ಮುಗಿಯಿತಲ್ಲ?

ತೆಗೆದು ನೋಡಲು ಅಂಥದ್ದೊಂದು ಇಲ್ಲ. ಬ್ರಿಟಿಷ್ ಆಳ್ವಿಕೆಯಲ್ಲಿ ಜನನ, ಮರಣ, ವಿವಾಹ ನೋಂದಣಿಯ ಕಾಯ್ದೆ ಬಂದದ್ದೇ 1886ರಲ್ಲಿ, ಅದೂ ಬಹುಪಾಲು ಐಚ್ಛಿಕ. ದೇಶಕ್ಕೆಲ್ಲ ಒಂದೇ ರೀತಿಯಲ್ಲಿ ಜನನ ನೋಂದಣಿ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ. ರಾಣಿ ತೀರಿಕೊಂಡದ್ದು 1858ರ ಜೂನ್‌ನಲ್ಲಿ. ಅಂದರೆ 1857ರ ತಲೆಮಾರಿನ ಯಾರ ವಿಷಯದಲ್ಲೂ "ಅಧಿಕೃತ ದಾಖಲೆ" ಎಂದರೆ ಹುಟ್ಟಿದಾಗ ಬರೆದದ್ದಲ್ಲ; ತುಂಬಾ ವರ್ಷಗಳ ಮೇಲೆ ಯಾವುದೋ ಪುಸ್ತಕ ನೋಡಿ ಇಲಾಖೆ ಬರೆದುಕೊಂಡದ್ದು.

ಸತ್ತ ದಿನ ಗೊತ್ತಿರುತ್ತದೆ, ಹುಟ್ಟಿದ ದಿನ ಮಾತ್ರ ಯಾಕೆ ಗೊತ್ತಿರುವುದಿಲ್ಲ?

ಸಾಯುವ ಹೊತ್ತಿಗೆ ಅವರು ಹೆಸರಾದವರು, ಸರ್ಕಾರದ ಕಣ್ಣಿಗೆ ಬಿದ್ದವರು. ಗ್ವಾಲಿಯರ್ ಬಳಿಯ ಕೋಟಾ ಕಿ ಸರಾಯ್ ಕಾಳಗದ ಬಗ್ಗೆ ಬ್ರಿಟಿಷ್ ಸೈನ್ಯದ ವರದಿಗಳಿವೆ. ರಾಣಿಯ ಸಾವಿನ ವಿಷಯದಲ್ಲಿ ಚರ್ಚೆ ಉಳಿದಿರುವುದು ಜೂನ್ 17ರಂದೋ 18ರಂದೋ ಎಂಬಷ್ಟೇ, ಒಂದು ದಿನದ್ದು. ಹುಟ್ಟುವಾಗ ಆಕೆ ಕಾಶಿಯಲ್ಲಿದ್ದ ಮೋರೋಪಂತ ತಾಂಬೆಯವರ ಮಗಳು ಮಣಿಕರ್ಣಿಕಾ ಮಾತ್ರ. ಮನೆಯವರು ಜಾತಕ ಬರೆಸಿದ್ದರೂ ಅದು ಮನೆಯ ಪೆಟ್ಟಿಗೆಯಲ್ಲಿ ಇರುವ ವಸ್ತು, ಕಚೇರಿಯ ಕಡತದಲ್ಲಿ ಅಲ್ಲ.

ಕಿತ್ತೂರು ರಾಣಿ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಇವರ ವಿಷಯದಲ್ಲೂ ಇದೇ ಕಥೆ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ ಎಂಬುದರಲ್ಲಿ ತಕರಾರಿಲ್ಲ. ಹುಟ್ಟಿದ್ದು ಮಾತ್ರ ಒಂದು ಕಡೆ 1796, ಇನ್ನೊಂದು ಕಡೆ 1798.

ಪರೀಕ್ಷೆಯಲ್ಲಿ ಏನು ಬರೆಯಬೇಕು?

ಆ ಪರೀಕ್ಷೆಗೆ ನಿಗದಿಯಾದ ಪಠ್ಯದಲ್ಲಿ ಏನಿದೆಯೋ ಅದು. ಶಾಲಾ ಪರೀಕ್ಷೆಯ ಮೌಲ್ಯಮಾಪಕರ ಕೈಯಲ್ಲಿರುವ ಉತ್ತರಸೂಚಿ ಪಠ್ಯದಿಂದಲೇ ತಯಾರಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯಾದರೆ ತಾತ್ಕಾಲಿಕ ಕೀ ಉತ್ತರ ಪ್ರಕಟವಾದಾಗ ಆಕ್ಷೇಪಣೆಗೆ ಕೊಡುವ ಕೆಲವೇ ದಿನಗಳ ಅವಧಿಯಲ್ಲಿ ಪಠ್ಯದ ಆ ಪುಟದ ಪ್ರತಿಯನ್ನು ಲಗತ್ತಿಸಬೇಕು. ಜಾಲತಾಣದ ಚಿತ್ರ ಅಂಟಿಸಿದರೆ ಸಾಮಾನ್ಯವಾಗಿ ಅದಕ್ಕೆ ತೂಕ ಬರುವುದಿಲ್ಲ.

## ಇಸವಿ ಬದಲಾಗುವುದು ಎಲ್ಲಿ

ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ ಅಂತ ಕಲಿತಿದ್ದೇವೆ. ಮತ್ತೆ ತಪ್ಪಾಗುವುದು ಹೇಗೆ?

78 ಕೂಡಿಸುವುದು ಯುಗಾದಿಯಿಂದ ಡಿಸೆಂಬರ್ ಕೊನೆಯವರೆಗೆ ಮಾತ್ರ ಸರಿ. ಜನವರಿಯಿಂದ ಮುಂದಿನ ಯುಗಾದಿಯವರೆಗಿನ ತಿಂಗಳುಗಳಿಗೆ 79 ಕೂಡಿಸಬೇಕು. ಪುಷ್ಯದ ಕೊನೆಯಲ್ಲೋ ಮಾಘ, ಫಾಲ್ಗುಣದಲ್ಲೋ ಹುಟ್ಟಿದವರಿಗೆ 78 ಕೂಡಿಸಿಬಿಟ್ಟರೆ ಒಂದು ವರ್ಷ ಹಿಂದಕ್ಕೆ ಹೋಗುತ್ತಾರೆ. ಇನ್ನೊಂದು ಮೂಲ, ಗತ ಶಕ ಮತ್ತು ವರ್ತಮಾನ ಶಕದ ಗೊಂದಲ. ನಮ್ಮ ಪಂಚಾಂಗಗಳು ಸಾಮಾನ್ಯವಾಗಿ ಬರೆಯುವುದು ಕಳೆದುಹೋದ ವರ್ಷಗಳ ಸಂಖ್ಯೆ. ನಡೆಯುತ್ತಿರುವ ವರ್ಷ ಎಂದು ತಿಳಿದು ಲೆಕ್ಕ ಹಾಕಿದರೆ ಮತ್ತೆ ಒಂದು ವರ್ಷ ಆಚೀಚೆ.

ಇದಕ್ಕೆ ಒಳ್ಳೆಯ ತಾಳೆ ಎಂದರೆ ಸಂವತ್ಸರದ ಹೆಸರು. ಶಕ 1757 ಮನ್ಮಥ ಸಂವತ್ಸರ, ಶಕ 1750 ಸರ್ವಧಾರಿ. ಮೂಲದಲ್ಲಿ ಶಕದ ಸಂಖ್ಯೆಯ ಜೊತೆ ಸಂವತ್ಸರವೂ ಇದ್ದರೆ ಎರಡೂ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ನಕಲು ಮಾಡಿದವರು ಎಲ್ಲೋ ಎಡವಿದ್ದಾರೆ. ಬರೀ ಸಂವತ್ಸರವಿದ್ದು ಶಕ ಇಲ್ಲದಿದ್ದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎಂಬುದು ನೆನಪಿರಲಿ. ಮನ್ಮಥ 1835ರಲ್ಲೂ ಬಂತು, 2015ರಲ್ಲೂ ಬಂತು.

ಕಲ್ಯಾಣ ಕರ್ನಾಟಕದ ಹಳೆಯ ನಿಜಾಮ ಕಾಲದ ಕಾಗದಗಳಲ್ಲಿ ಫಸಲಿ ವರ್ಷ ಕಾಣುತ್ತದೆ. ಅದಕ್ಕೆ 590 ಅಥವಾ 591 ಕೂಡಿಸಬೇಕು, ಏಕೆಂದರೆ ಫಸಲಿ ವರ್ಷ ಇಂಗ್ಲಿಷ್ ವರ್ಷದ ನಡುವೆ ಶುರುವಾಗುತ್ತದೆ. ತಿಂಗಳು ತಿಳಿಯದೆ ಒಂದೇ ಇಸವಿಗೆ ಗಂಟು ಹಾಕಬಾರದು.

ಈ ಎಲ್ಲ ತಪ್ಪುಗಳೂ ಒಂದು ವರ್ಷದವು, ಎರಡು ಕೂಡಿಬಿದ್ದರೆ ಎರಡು ವರ್ಷದವು. ಲಕ್ಷ್ಮೀಬಾಯಿಯ ಏಳು ವರ್ಷದ ಅಂತರವನ್ನು ಇವು ವಿವರಿಸಲಾರವು.

ಎರಡೂ ಕಡೆ ನವೆಂಬರ್ 19 ಅಂತಲೇ ಇದೆ. ದಿನ ಒಂದೇ ಆಗಿ ವರ್ಷ ಮಾತ್ರ ಬೇರೆಯಾಗುವುದು ಹೇಗೆ?

ಈ ವಿಷಯದಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಇದು. ಪಾರಸನೀಸರ ಜೀವನಚರಿತ್ರೆ ಕೊಡುವ ತಿಥಿ ಶಕ 1757ರ ಕಾರ್ತಿಕ ವದ್ಯ 14, ಅಂದರೆ ನಮ್ಮ ಲೆಕ್ಕದಲ್ಲಿ ಕಾರ್ತಿಕ ಬಹುಳ ಚತುರ್ದಶಿ. 1835ರಲ್ಲಿ ಕಾರ್ತಿಕ ಅಮಾವಾಸ್ಯೆ ನವೆಂಬರ್ 20ಕ್ಕೆ ಬಿದ್ದಿತ್ತು. ಅದರ ಹಿಂದಿನ ದಿನ 19, ಚತುರ್ದಶಿ. ತಿಥಿ, ದಿನಾಂಕ, ಶಕ ಮೂರೂ ಒಂದಕ್ಕೊಂದು ಸರಿಯಾಗಿ ಕೂಡುತ್ತವೆ.

ಈಗ 1828ಕ್ಕೆ ಹೋಗೋಣ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. 1828ರ ನವೆಂಬರ್ 20ರಿಂದ 1835ರ ನವೆಂಬರ್ 20ರವರೆಗೆ 2556 ದಿನ: ಏಳು ವರ್ಷಕ್ಕೆ 2555, ನಡುವೆ 1832ರ ಅಧಿಕ ದಿನ ಒಂದು. 87 ಚಾಂದ್ರಮಾಸಗಳೆಂದರೆ ಸುಮಾರು 2569 ದಿನ. ವ್ಯತ್ಯಾಸ 13. ಅಂದರೆ 1835ರ ಆ ಅಮಾವಾಸ್ಯೆಯಿಂದ 87 ಮಾಸ ಹಿಂದಕ್ಕೆ ಸರಿದರೆ 1828ರ ನವೆಂಬರ್ 20ಕ್ಕಿಂತ 13 ದಿನ ಮೊದಲು, ನವೆಂಬರ್ 7ರ ಸುಮಾರಿಗೆ ಬಂದು ನಿಲ್ಲುತ್ತೇವೆ. ಅದು ದೀಪಾವಳಿಯ ಅಮಾವಾಸ್ಯೆ. ಹಾಗಾದರೆ 1828ರ ನವೆಂಬರ್ 19 ಕಾರ್ತಿಕ ಶುದ್ಧ ದ್ವಾದಶಿಯ ಆಸುಪಾಸು. ಬಹುಳ ಚತುರ್ದಶಿ ಅಲ್ಲವೇ ಅಲ್ಲ. ಆ ವರ್ಷದ ಕಾರ್ತಿಕ ಬಹುಳ ಚತುರ್ದಶಿ ಬರುವುದು ಡಿಸೆಂಬರ್ ಮೊದಲ ವಾರದಲ್ಲಿ.

ಇದರಿಂದ ತಿಳಿಯುವುದಿಷ್ಟು: "ನವೆಂಬರ್ 19, 1828" ಎಂಬುದು ಎರಡು ಮೂಲಗಳನ್ನು ಸೇರಿಸಿ ಹೊಲಿದ ದಿನಾಂಕದಂತಿದೆ. ದಿನ ಬಂದದ್ದು 1835ರ ಲೆಕ್ಕದಿಂದ, ವರ್ಷ ಇನ್ನೊಂದು ಕಡೆಯಿಂದ. 1835ನ್ನು ಬಿಟ್ಟು 1828ನ್ನು ಒಪ್ಪಿಕೊಂಡವರು ದಿನಾಂಕವನ್ನು ಮತ್ತೆ ಲೆಕ್ಕ ಹಾಕಲಿಲ್ಲ. 1828ನ್ನು ನಂಬುವವರು ನಂಬಬಹುದು, ಆದರೆ ಆಗ ನವೆಂಬರ್ 19ರ ಮೇಲೆ ಅಷ್ಟು ಭರವಸೆ ಇಡುವಂತಿಲ್ಲ.

ಹಾಗಾದರೆ 1835 ಗೆದ್ದಿತು ಅಂತ ತಾನೆ?

ಅಲ್ಲ. ತಿಥಿ ಮತ್ತು ದಿನಾಂಕ ಕೂಡುತ್ತವೆ ಎಂದರೆ ಪರಿವರ್ತನೆ ಮಾಡಿದವರ ಗಣಿತ ಸರಿ ಎಂದಷ್ಟೇ ಅರ್ಥ. ಅವರಿಗೆ ಸಿಕ್ಕ ಶಕ ವರ್ಷವೇ ತಪ್ಪಾಗಿದ್ದರೆ ಗಣಿತ ಅದನ್ನು ಹಿಡಿಯುವುದಿಲ್ಲ. ಮನೆಯವರಿಗೆ ತಿಂಗಳು, ತಿಥಿ ಚೆನ್ನಾಗಿ ನೆನಪಿದ್ದು ವರ್ಷ ಮಸುಕಾಗಿರುವುದು ಸಾಮಾನ್ಯ. ಹುಟ್ಟುಹಬ್ಬ ಪ್ರತಿ ವರ್ಷ ಆಚರಿಸುವುದು ತಿಥಿಗೆ, ವರ್ಷದ ಸಂಖ್ಯೆಗೆ ಅಲ್ಲವಲ್ಲ.

ಇನ್ನೊಂದು ಮಿತಿಯೂ ಇದೆ. 99 ಚಾಂದ್ರಮಾಸಗಳು ಎಂಟು ಸೌರ ವರ್ಷಗಳಿಗೆ ಬಹಳ ಹತ್ತಿರ. ಹೀಗಾಗಿ 1835ರಿಂದ ಎಂಟು ವರ್ಷ ಹಿಂದೆ, 1827ರಲ್ಲೂ ಕಾರ್ತಿಕ ಬಹುಳ ಚತುರ್ದಶಿ ನವೆಂಬರ್ 17 ಅಥವಾ 18ಕ್ಕೆ ಬೀಳುತ್ತದೆ. ಕೈಲೆಕ್ಕದಲ್ಲಿ ಒಂದು ದಿನದ ಆಚೀಚೆ ಇದ್ದೇ ಇರುತ್ತದೆ, ಏಕೆಂದರೆ ತಿಥಿ ಸೂರ್ಯೋದಯಕ್ಕೆ ತಕ್ಕಂತೆ ನಿರ್ಧಾರವಾಗುತ್ತದೆ, ಚಂದ್ರನ ವೇಗವೂ ಒಂದೇ ಸಮನಿಲ್ಲ. ಆದ್ದರಿಂದ ತಿಥಿಯ ಪರೀಕ್ಷೆ 1828ರ ಜೊತೆಗಿನ ದಿನಾಂಕವನ್ನು ಖಚಿತವಾಗಿ ತಳ್ಳಿಹಾಕುತ್ತದೆ. 1827ನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ.

ವಯಸ್ಸಿನ ಲೆಕ್ಕ ಏನು ಹೇಳುತ್ತದೆ?

ಝಾನ್ಸಿಯ ರಾಜ ಗಂಗಾಧರರಾಯರ ಜೊತೆ ಮದುವೆ 1842ರಲ್ಲಿ. 1828ರ ಹುಟ್ಟಾದರೆ ಆಗ ಹದಿಮೂರು ಹದಿನಾಲ್ಕು, 1835 ಆದರೆ ಆರೇಳು. ಮಗ ಹುಟ್ಟಿದ್ದು 1851ರಲ್ಲಿ. ಆ ಕೂಸು ಕೆಲವೇ ತಿಂಗಳು ಬದುಕಿತು. ಆಗ ಮೊದಲ ಲೆಕ್ಕದಲ್ಲಿ ತಾಯಿಗೆ ಇಪ್ಪತ್ತೆರಡು ಇಪ್ಪತ್ತಮೂರು, ಎರಡನೆಯದರಲ್ಲಿ ಹದಿನೈದು ಹದಿನಾರು. ಕಾಳಗದಲ್ಲಿ ಮಡಿದಾಗ ಇಪ್ಪತ್ತೊಂಬತ್ತು ಅಥವಾ ಇಪ್ಪತ್ತೆರಡು.

"ಆರು ವರ್ಷಕ್ಕೆ ಮದುವೆಯೇ? ಹಾಗಾದರೆ 1835 ಸುಳ್ಳು" ಎಂದು ಹಲವರು ತೀರ್ಮಾನ ಕೊಡುತ್ತಾರೆ. ಇದು ದುರ್ಬಲ ವಾದ. ಆ ಕಾಲದ ಬ್ರಾಹ್ಮಣ ಮನೆತನಗಳಲ್ಲಿ ಆರೇಳು ವರ್ಷಕ್ಕೆ ಮದುವೆ ಅಪರೂಪವೇನಲ್ಲ. ನಿಜ ಹೇಳಬೇಕೆಂದರೆ ಹದಿಮೂರರವರೆಗೆ ಮದುವೆಯಾಗದೆ ಉಳಿದದ್ದಕ್ಕೇ ಹೆಚ್ಚು ವಿವರಣೆ ಬೇಕಾಗುತ್ತದೆ.

ಅದಕ್ಕಿಂತ ಗಟ್ಟಿಯಾದದ್ದು ಕಣ್ಣಾರೆ ಕಂಡವರ ಮಾತು. ಝಾನ್ಸಿಯನ್ನು ಕಂಪನಿ ವಶಪಡಿಸಿಕೊಂಡ 1854ರಲ್ಲಿ ವಕೀಲ ಜಾನ್ ಲ್ಯಾಂಗ್ ರಾಣಿಯ ಕರೆಯ ಮೇಲೆ ಅಲ್ಲಿಗೆ ಹೋಗಿದ್ದ. ಪರದೆ ಸರಿದಾಗ ಕಂಡ ಮುಖದ ಬಗ್ಗೆ, ಇನ್ನೂ ಚಿಕ್ಕ ವಯಸ್ಸಿನಲ್ಲಿ ಬಹಳ ಸುಂದರವಾಗಿದ್ದಿರಬೇಕು, ಈಗಲೂ ಲಕ್ಷಣವಾಗಿದೆ ಎಂಬರ್ಥದಲ್ಲಿ ಆತ ಬರೆದಿದ್ದಾನೆ. ಹದಿನೆಂಟರ ಹುಡುಗಿಯ ಬಗ್ಗೆ ಯಾರೂ ಹಾಗೆ ಬರೆಯುವುದಿಲ್ಲ. ಇಪ್ಪತ್ತೈದರ ವಿಧವೆಯ ಬಗ್ಗೆ ಆ ಕಾಲದ ಗಂಡಸು ಬರೆದಾನು. ಅದೊಂದು ಕ್ಷಣದ ನೋಟ, ಅಂದಾಜಿನ ಮಾತು. ಆದರೂ ವಯಸ್ಸಿನ ಬಗ್ಗೆ ನೋಡಿದವನ ಮಾತು ಎಂಬ ಕಾರಣಕ್ಕೆ 1828ರ ಆಸುಪಾಸಿಗೆ ಇದು ತೂಕ ಕೊಡುತ್ತದೆ.

ನಮ್ಮ ಅಭಿಪ್ರಾಯ: ವರ್ಷ 1827-28ರ ಸುತ್ತ ಇರುವ ಸಾಧ್ಯತೆಯೇ ಹೆಚ್ಚು. ಆದರೆ ಪಠ್ಯದಲ್ಲಿ ಅಚ್ಚು ಹಾಕುವಾಗ "ಸು. 1828" ಎಂದು ಬರೆದು, ದಿನಾಂಕವನ್ನು ಜಯಂತಿಯ ದಿನ ಎಂದಷ್ಟೇ ಕೊಡುವುದು ಪ್ರಾಮಾಣಿಕ.

ಜಯಂತಿ ದಿನವನ್ನು ಸರ್ಕಾರವೇ ಘೋಷಿಸಿದೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಜಯಂತಿಯ ಆದೇಶ ಆಚರಣೆಗಾಗಿ ಹೊರಡುವುದು. ಅದು ಜನ್ಮದಿನವನ್ನು ತನಿಖೆ ಮಾಡಿ ಕೊಟ್ಟ ತೀರ್ಪಲ್ಲ. ಚೆನ್ನಮ್ಮನ ಜಯಂತಿ ಅಕ್ಟೋಬರ್ 23. ಕಿತ್ತೂರಿನ ಸೈನ್ಯ ಥ್ಯಾಕರೆಯನ್ನು ಕೊಂದು ಕಂಪನಿ ಪಡೆಯನ್ನು ಸೋಲಿಸಿದ ದಿನವೂ 1824ರ ಅಕ್ಟೋಬರ್ 23. ಆಕೆಯ ಜನ್ಮದಿನವಾಗಿ ನವೆಂಬರ್ 14 ಎಂದು ಕೊಡುವ ಬರಹಗಳೂ ಇವೆ. ಗೆಲುವಿನ ದಿನವೂ ಹುಟ್ಟಿದ ದಿನವೂ ಒಂದೇ ಆಗಿರುವಲ್ಲಿ ಸಂಶೋಧಕರು ಮೊದಲು ಅನುಮಾನಿಸುವುದೇ ವಾಡಿಕೆ.

## ದಾಖಲೆ ಹುಡುಕುವವರಿಗೆ

ಇಪ್ಪತ್ತನೇ ಶತಮಾನದ ಹೋರಾಟಗಾರರಿಗೆ ಶಾಲೆಯ ದಾಖಲೆ ಇರುತ್ತದಲ್ಲ, ಅಲ್ಲೂ ಯಾಕೆ ವ್ಯತ್ಯಾಸ?

ಶಾಲೆಯ ದಾಖಲೆ ಇದೆ ಎಂದಮಾತ್ರಕ್ಕೆ ಅದು ನಿಜವಾದ ಹುಟ್ಟಿದ ದಿನವಾಗಬೇಕಿಲ್ಲ. ಸರ್ದಾರ್ ಪಟೇಲರ ಉದಾಹರಣೆ ಪ್ರಸಿದ್ಧ. ಅವರ ಜನನ ಎಲ್ಲೂ ದಾಖಲಾಗಿರಲಿಲ್ಲ. 1875ರ ಅಕ್ಟೋಬರ್ 31 ಎಂಬುದು ಮೆಟ್ರಿಕ್ ಪರೀಕ್ಷೆಯ ಕಾಗದದಲ್ಲಿ ಅವರೇ ಬರೆದ ದಿನಾಂಕ, ಈಗ ದೇಶವೇ ಆಚರಿಸುತ್ತದೆ.

ನಮ್ಮ ಹಳ್ಳಿಗಳಲ್ಲಿ ಅಪ್ಪನೋ ಮಾವನೋ ಮಗುವನ್ನು ಕರೆದುಕೊಂಡು ಹೋದಾಗ ಮೇಷ್ಟ್ರು ಅಂದಾಜು ಬರೆದುಕೊಳ್ಳುತ್ತಿದ್ದರು. ದಾಖಲಾತಿ ಪುಸ್ತಕದಲ್ಲಿ ಸಾಲುಸಾಲು ಮಕ್ಕಳಿಗೆ ಜೂನ್ 1 ಎಂದೇ ಇದ್ದರೆ ಅದು ಶಾಲೆ ಶುರುವಾಗುವ ತಿಂಗಳು, ಹುಟ್ಟಿದ ತಿಂಗಳಲ್ಲ. ಆ ಒಬ್ಬರ ಸಾಲನ್ನು ಮಾತ್ರ ಫೋಟೊ ತೆಗೆಯದೆ ಇಡೀ ಪುಟವನ್ನು ನೋಡಬೇಕು ಎನ್ನುವುದು ಇದಕ್ಕೇ.

ಜೈಲು ರಿಜಿಸ್ಟರಿನಲ್ಲಿ ಇರುವುದು ವಯಸ್ಸು, ಹುಟ್ಟಿದ ದಿನಾಂಕವಲ್ಲ. ಬಂದಿ ಹೇಳಿದ್ದನ್ನೋ ಕಂಡ ಅಂದಾಜನ್ನೋ ಬರೆದಿರುತ್ತಾರೆ. 20, 25, 30 ಎಂಬ ದುಂಡು ಸಂಖ್ಯೆಗಳೇ ಹೆಚ್ಚು. "ಇಪ್ಪತ್ತೈದು ನಡೀತಾ ಇದೆ" ಎಂದವರಿಗೆ ಪೂರ್ತಿಯಾಗಿರುವುದು ಇಪ್ಪತ್ತನಾಲ್ಕೇ. 1942ರಲ್ಲಿ "25 ವರ್ಷ" ಎಂದು ಬರೆದಿದ್ದರೆ ಅದರಿಂದ 1917 ಎಂದು ಒಂದೇ ಇಸವಿ ತೆಗೆಯದೆ 1916ರಿಂದ 1918 ಎಂದು ಇಟ್ಟುಕೊಳ್ಳುವುದು ಲೇಸು.

ಪಿಂಚಣಿ ಕಡತದಲ್ಲಿ ಸರ್ಕಾರವೇ ಪರಿಶೀಲಿಸಿದ ದಿನಾಂಕ ಇರುತ್ತದೆ ಅಂತಾರೆ, ನಂಬಬಹುದೇ?

ಕೇಂದ್ರದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆ ಶುರುವಾದದ್ದು 1972ರ ಆಗಸ್ಟ್ 15ರಂದು. ಅಲ್ಲಿ ಪರಿಶೀಲನೆ ನಡೆದದ್ದು ಮುಖ್ಯವಾಗಿ ಸೆರೆವಾಸದ ಬಗ್ಗೆ, ಸಾಮಾನ್ಯ ನಿಯಮದಂತೆ ಕನಿಷ್ಠ ಆರು ತಿಂಗಳು ಜೈಲಿನಲ್ಲಿದ್ದರೇ ಎಂಬುದರ ಬಗ್ಗೆ. ವಯಸ್ಸು ಅರ್ಜಿದಾರರ ಪ್ರಮಾಣಪತ್ರದಿಂದಲೋ ಶಾಲಾ ದಾಖಲೆಯಿಂದಲೋ ಬಂದಿರುತ್ತದೆ. ಆದ್ದರಿಂದ ಸೆರೆವಾಸದ ವಿಷಯದಲ್ಲಿ ಕಡತ ಬಲವಾದ ಸಾಕ್ಷಿ, ಹುಟ್ಟಿದ ಇಸವಿಗೆ ಎರಡನೇ ದರ್ಜೆಯ ಸಾಕ್ಷಿ.

ಮೂಲ ಕಾಗದ ಎಲ್ಲಿ ಹುಡುಕಲಿ?

ಹೋರಾಟಗಾರರು ಆಗ ಯಾರ ಆಡಳಿತದಲ್ಲಿದ್ದರು ಎಂಬುದನ್ನು ಮೊದಲು ನೋಡಿ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದವು, ಹಾಗಾಗಿ ಮುಂಬಯಿಯ ಪತ್ರಾಗಾರವನ್ನು ಬಿಡುವಂತಿಲ್ಲ. ದಕ್ಷಿಣ ಕನ್ನಡ ಮತ್ತು ಬಳ್ಳಾರಿಗೆ ಚೆನ್ನೈ, ಬೀದರ್, ಕಲಬುರಗಿ, ರಾಯಚೂರಿಗೆ ಹೈದರಾಬಾದ್. ಹಳೆಯ ಮೈಸೂರಿನದಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಬೆಂಗಳೂರಿನಲ್ಲಿ ಹುಡುಕಿ "ದಾಖಲೆಯೇ ಇಲ್ಲ" ಎಂದು ಕೈಬಿಡುವವರಲ್ಲಿ ಹಲವರು ತಪ್ಪು ಊರಿನಲ್ಲಿ ಹುಡುಕಿರುತ್ತಾರೆ.

ಪಠ್ಯದಲ್ಲಿ ಆ ಇಸವಿ ಹೇಗೆ ಬಂತು ಅಂತ ಸರ್ಕಾರವನ್ನು ಕೇಳಬಹುದೇ?

ಕೇಳಬಹುದು. ರಾಜ್ಯ ಪಠ್ಯವಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ದಾಟಬಾರದು. ಐದು ಹೋರಾಟಗಾರರ ಬಗ್ಗೆ ಒಂದೇ ಅರ್ಜಿಯಲ್ಲಿ ಕೇಳಿದರೆ ವಾಪಸ್ ಬರುವ ಸಂಭವವಿದೆ.

"1835 ಎಂದು ಏಕೆ ಹಾಕಿದ್ದೀರಿ?" ಎಂದು ಬರೆಯಬೇಡಿ. ಕಾರಣ ವಿವರಿಸುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ, ಇರುವ ಕಾಗದ ಕೊಡುವುದು ಅವರ ಕೆಲಸ. ಹೀಗೆ ಕೇಳಿ: ಇಂಥ ತರಗತಿಯ ಸಮಾಜ ವಿಜ್ಞಾನ ಪಠ್ಯದ ಇಂಥ ಆವೃತ್ತಿಯ ಇಂಥ ಪುಟದಲ್ಲಿರುವ ಜನ್ಮವರ್ಷಕ್ಕೆ ಆಧಾರವಾಗಿ ಕಡತದಲ್ಲಿರುವ ಆಕರದ ಪ್ರತಿ ಮತ್ತು ಆ ಪಾಠಕ್ಕೆ ಸಂಬಂಧಿಸಿದ ಟಿಪ್ಪಣಿ ಹಾಳೆಗಳ ಪ್ರತಿ. "ಲಭ್ಯವಿಲ್ಲ" ಎಂಬ ಉತ್ತರ ಬಂದರೆ ಅದನ್ನೂ ಜೋಪಾನ ಮಾಡಿ. ಆಕರವಿಲ್ಲದೆ ಇಸವಿ ಅಚ್ಚಾಗಿದೆ ಎಂಬುದಕ್ಕೆ ಅದೇ ಲಿಖಿತ ಆಧಾರ, ತಿದ್ದುಪಡಿ ಕೋರುವ ಪತ್ರಕ್ಕೆ ಅದನ್ನೇ ಲಗತ್ತಿಸಬಹುದು.

ಎರಡು ಮೂಲ ಒಂದೇ ಇಸವಿ ಹೇಳಿದರೆ ಸಾಕಲ್ಲವೇ?

ಅವೆರಡೂ ಸ್ವತಂತ್ರ ಮೂಲಗಳಾಗಿದ್ದರೆ ಸಾಕು. ಪಠ್ಯ ಗೆಜೆಟಿಯರ್ ನೋಡಿ ಬರೆದಿದ್ದು, ಗೆಜೆಟಿಯರ್ ಜೀವನಚರಿತ್ರೆ ನೋಡಿ ಬರೆದಿದ್ದು, ಜಾಲತಾಣ ಪಠ್ಯ ನೋಡಿ ಬರೆದಿದ್ದರೆ ಮೂರೂ ಸೇರಿ ಒಂದೇ ಸಾಕ್ಷಿ. ನಕಲನ್ನು ಗುರುತಿಸಲು ತಪ್ಪುಗಳೇ ನೆರವಾಗುತ್ತವೆ. ಎರಡು ಬರಹಗಳಲ್ಲಿ ತಂದೆಯ ಹೆಸರಿನ ಕಾಗುಣಿತದ ಒಂದೇ ದೋಷ ಇದ್ದರೆ, ಅಥವಾ ಎರಡರಲ್ಲೂ 1828ರ ಪಕ್ಕದಲ್ಲಿ ಪಂಚಾಂಗಕ್ಕೆ ಕೂಡದ ಅದೇ ನವೆಂಬರ್ 19 ಇದ್ದರೆ, ಒಂದು ಇನ್ನೊಂದರ ಮಗು ಎಂದೇ ತಿಳಿಯಬೇಕು.